ಅಗಸಿ ಹಿಂಡಿ, ಅಕ್ರೋಟ ತಿಂದ್ರ ಡಿಎಚ್‌ಎ ಎಷ್ಟು ಸಿಗ್ತೈತಿ? ಸಸ್ಯಾಹಾರಿ ಮನಿಯವರಿಗೆ ಲೆಕ್ಕ ಸಮೇತ

ಕೊಪ್ಪಳದಾಗ ನಂದೊಂದು ಸಣ್ಣ ಮೆಡಿಕಲ್ ಶಾಪ್ ಐತಿ, ಬಿ.ಫಾರ್ಮ ಮುಗಿಸಿ ಕುಂತಾಗಿಂದ ಕೌಂಟರ್ ಮ್ಯಾಲ ಭಾಳ ಮಂದಿ ಕೇಳೋ ಪ್ರಶ್ನಿ ಒಂದೈತಿ, "ನಾವು ಮೀನು ತತ್ತಿ ಮುಟ್ಟಂಗಿಲ್ರಿ, ದಿನಾ ಅಗಸಿ ಹಿಂಡಿ ತಿಂತೀವಿ, ಒಮೆಗಾ-3 ಸಾಕಾಗ್ತೈತಲ್ರಿ?" ಅಂತ. ಹೌದು ಅಂತ ಹೇಳಿ ಕಳಿಸ್ತಿದ್ದೆ. ಹೋದ ವರ್ಷ ನನ್ನ ತಂಗಿ ಐದು ತಿಂಗಳ ಬಸುರಿ ಇದ್ದಾಗ ಸಿಂಧನೂರಿಂದ ಫೋನ್ ಮಾಡಿ ಇದೇ ಪ್ರಶ್ನಿ ಕೇಳಿದ್ಲು, ಡಾಕ್ಟರ್ ಡಿಎಚ್‌ಎ ತಗೋ ಅಂದಾರ, ಅತ್ತಿ ಅಗಸಿ ಐತಲ್ಲ ಸಾಕು ಅಂತಾರ, ಏನ್ ಮಾಡ್ಲಣ್ಣಾ ಅಂತ. ಅವತ್ತು ಪೆನ್ನು ಹಿಡದು ಲೆಕ್ಕ ಹಾಕಿದ ಮ್ಯಾಲ ಗೊತ್ತಾತು, ನಾನು ಇಷ್ಟು ದಿನ ಅರ್ಧ ಉತ್ತರನ ಕೊಡ್ತಿದ್ದೆ ಅಂತ. ಆ ಲೆಕ್ಕನ ಇಲ್ಲಿ ಹಾಕೀನಿ, ನಿಮ್ಮ ಮನಿ ಅಳತಿ ಹಾಕ್ಕೊಂಡು ನೀವೂ ಮಾಡಿ ನೋಡ್ರಿ.

ಒಮೆಗಾ-3 ಅಂದ್ರ ಒಂದ ವಸ್ತು ಅಲ್ಲ

ಒಮೆಗಾ-3 ಅನ್ನೋದು ಕೊಬ್ಬಿನ ಒಂದು ಮನೆತನದ ಹೆಸರು ಇದ್ದಂಗ, ಅದರಾಗ ಮೂರು ಮಂದಿ ನಮಗ ಮುಖ್ಯ. ಅಗಸಿ, ಅಕ್ರೋಟದಾಗ ಇರೋದು ಎಎಲ್‌ಎ, ಅಂದ್ರ ಆಲ್ಫಾ ಲಿನೋಲೆನಿಕ್ ಆಸಿಡ್. ಇದು ಸಣ್ಣ ಸರಪಳಿ, 18 ಕಾರ್ಬನ್ನಿಂದು. ಇನ್ನೆರಡು ಇಪಿಎ ಮತ್ತು ಡಿಎಚ್‌ಎ, ಇವು ಉದ್ದ ಸರಪಳಿ, ಇಪಿಎ 20 ಕಾರ್ಬನ್, ಡಿಎಚ್‌ಎ 22. ಮೆದುಳಿನ ಪೊರಿ, ಕಣ್ಣಿನ ಹಿಂದಿನ ರೆಟಿನಾ, ಇವುದ್ರಾಗ ತುಂಬಿರೋದು ಡಿಎಚ್‌ಎ. ಎಎಲ್‌ಎ ಅಲ್ಲ.

ಎಎಲ್‌ಎ ತಿಂದ್ರ ನಮ್ಮ ದೇಹ ಅದನ್ನ ಉದ್ದ ಮಾಡಿ ಡಿಎಚ್‌ಎ ಮಾಡ್ಕೋತೈತಿ ಅಂತ ಎಲ್ಲಾ ಕಡಿ ಬರದಿರ್ತೈತಿ, ಅದು ಸುಳ್ಳಲ್ಲ. ಎಷ್ಟು ಮಾಡ್ಕೋತೈತಿ ಅನ್ನೋದನ್ನ ಮಾತ್ರ ಯಾರೂ ಬರಿಯಂಗಿಲ್ಲ, ಇಲ್ಲೇ ಪಂಚಾತಿ ಇರೋದು.

ಮೊದಲು ಅಗಸಿನ ಸರಿಯಾಗಿ ಒಳಗ ಕಳಿಸ್ರಿ

ಡಿಎಚ್‌ಎ ಮಾತು ಆಮ್ಯಾಲ. ಮೊದಲು ಅಗಸಿಯೊಳಗಿನ ಎಎಲ್‌ಎ ಆದ್ರೂ ಮೈಗೆ ಹತ್ತಬೇಕಲ್ಲ. ಈಗ ಭಾಳ ಮಂದಿ ಇಡೀ ಅಗಸಿ ಕಾಳು ಹುರಿದು ಡಬ್ಬಿ ಒಳಗ ಇಟ್ಕೊಂಡು ಊಟ ಆದಮ್ಯಾಲ ಬಡೇಸೋಪಿನಂಗ ಬಾಯಿಗೆ ಹಾಕ್ಕೋತಾರ, ಅದರ ಸಿಪ್ಪಿ ಎಷ್ಟು ಗಟ್ಟಿ ನುಣುಪು ಐತಿ ಅಂದ್ರ ನುಣ್ಣಗ ಅಗಿಲಿಲ್ಲ ಅಂದ್ರ ಹೆಂಗ ಹೋತೋ ಹಂಗ ಹೊರಗ ಬರ್ತೈತಿ. 2008ರಾಗ ಬಂದ ಒಂದು ಅಧ್ಯಯನದಾಗ ಒಂದು ಗುಂಪಿಗೆ ಇಡೀ ಕಾಳು, ಒಂದಕ್ಕ ಪುಡಿ, ಇನ್ನೊಂದಕ್ಕ ಎಣ್ಣಿ ಕೊಟ್ಟು ರಕ್ತ ನೋಡಿದ್ರು, ಪುಡಿ ಮತ್ತು ಎಣ್ಣಿ ತಿಂದವರ ರಕ್ತದಾಗ ಎಎಲ್‌ಎ ಏರಿತ್ತು, ಇಡೀ ಕಾಳು ತಿಂದವರದಾಗ ಹೇಳ್ಕೊಳ್ಳುವಷ್ಟು ಏರಿರ್ಲಿಲ್ಲ. ನಮ್ಮ ಅವ್ವಗಳು ಅಗಸಿ ಕುಟ್ಟಿ ಹಿಂಡಿ ಮಾಡ್ತಿದ್ದದ್ದು ಈ ಲೆಕ್ಕಕ್ಕ ಸರಿನ ಇತ್ತು.

ನಮ್ಮ ಮನಿ ಅಳತಿ ಹೇಳ್ತೀನಿ. ಅಗಸಿ 250 ಗ್ರಾಂ, ಒಣ ಮೆಣಸಿನಕಾಯಿ ಹತ್ತು ಹನ್ನೆರಡು, ಬಳ್ಳೊಳ್ಳಿ ಒಂದು ಗಡ್ಡಿ, ಜೀರಗಿ, ಕರಿಬೇವು, ಸ್ವಲ್ಪ ಹುಣಸಿಹಣ್ಣು, ಚೂರು ಬೆಲ್ಲ, ಉಪ್ಪು. ಎಲ್ಲಾ ಸೇರಿ ಸುಮಾರು 330 ಗ್ರಾಂ ಹಿಂಡಿ ಆಗ್ತೈತಿ, ಅಂದ್ರ ಹಿಂಡಿಯೊಳಗ ಮುಕ್ಕಾಲು ಪಾಲು ಅಗಸಿ. ಸಣ್ಣ ಉರಿ ಮ್ಯಾಲ ಕಾಳು ಚಟಪಟ ಅನ್ನೋಕ ಶುರು ಮಾಡಿ ಒಂದು ನಿಮಿಷ ಆದ್ರ ಸಾಕು, ಇಳಿಸಿಬಿಡ್ರಿ. ಹದವಾಗಿ ಹುರಿದ್ರ ಎಎಲ್‌ಎ ಏನೂ ಹಾಳಾಗಂಗಿಲ್ಲ, ಹಸಿ ಅಗಸಿಯೊಳಗ ಸೈನೈಡ್ ಬಿಡೋ ಗುಣದ ಅಂಶ ಸ್ವಲ್ಪ ಇರ್ತೈತಿ, ಹುರಿದ್ರ ಅದೂ ಕಡಿಮಿ ಆಗ್ತೈತಿ (ಒಂದೆರಡು ಚಮಚಕ್ಕ ಹೆದರೋದೇನಿಲ್ಲ, ದಿನಾ ಬಟ್ಟಲುಗಟ್ಟಲೆ ಹಸಿ ಪುಡಿ ತಿನ್ನೋದು ಬ್ಯಾಡ ಅಷ್ಟ). ಕರ್ರಗಾಗಿ ಹೊಗಿ ಬರೋಹಂಗ ಹುರಿದ್ರ ಮಾತ್ರ ಕೆಟ್ಟಂಗ.

ಇನ್ನ ಇಡೋದು. ಕಾಳು ಒಡಿಯೋತನಕ ಎಣ್ಣಿ ಒಳಗ ಭದ್ರ, ಒಡದ ಮ್ಯಾಲ ಗಾಳಿ ಬಡಿದು ಕೆಡೋಕ ಶುರು. ಅಗಸಿ ಎಣ್ಣಿನ ಪೇಂಟಿಗೆ, ಬಾಗಿಲಿಗೆ ಹಚ್ಚೋ ಪಾಲಿಶಿಗೆ ಹಾಕ್ತಾರಲ್ಲ, ಗಾಳಿಗೆ ಬಿಟ್ರ ಅದು ಒಣಗಿ ಪದರ ಆಗ್ತೈತಿ ಅಂತನ ಹಾಕ್ತಾರ. ಎಎಲ್‌ಎ ಗಾಳಿಯ ಆಮ್ಲಜನಕ ಎಳಕೊಳ್ಳೋದ್ರಿಂದ ಆಗೋದದು, ನಿಮ್ಮ ಡಬ್ಬಿಯೊಳಗೂ ಅದ ನಡೀತೈತಿ. ಏಪ್ರಿಲ್ ಮೇ ತಿಂಗಳದಾಗ ನಮ್ಮ ರಾಯಚೂರು ಬಳ್ಳಾರಿ ಬಿಸಲು 42 ಡಿಗ್ರಿ ಮುಟ್ಟಿದಾಗ ಅಡಗಿ ಮನಿ ಕಪಾಟಿನ ಹಿಂಡಿ ವಾರ ಹತ್ತು ದಿನಕ್ಕ ಕಮಟು ಹೊಡಿಯೋಕ ಹತ್ತತೈತಿ. ಮೂಗಿನಿಂದ ಗೊತ್ತಾಗ್ತೈತಿ, ಒಳ್ಳೆ ಹಿಂಡಿ ಹುರಿದ ಕಾಳಿನ ವಾಸನಿ, ಕೆಟ್ಟಿದ್ದು ಹೊಸ ಬಣ್ಣ ಹಚ್ಚಿದ ಬಾಗಿಲಿನ ವಾಸನಿ, ನಾಲಿಗಿ ಹಿಂದ ಕಹಿ. ಬಳ್ಳೊಳ್ಳಿ ಜಾಸ್ತಿ ಇದ್ರ ವಾಸನಿ ಮುಚ್ಚಿಹೋಗ್ತೈತಿ, ಅದಕ್ಕ ಚೂರು ಬಾಯಿಗೆ ಹಾಕ್ಕೊಂಡು ನೋಡ್ರಿ. 15 ದಿನಕ್ಕ ಆಗುವಷ್ಟ ಮಾಡಿ ಫ್ರಿಡ್ಜಿನಾಗ ಇಡೋದು ಚಲೋ, ವರ್ಷದ ಅಗಸಿ ಇಡೀ ಕಾಳಾಗಿನ ಡಬ್ಬಿಯೊಳಗ ಇರ್ಲಿ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡ್ತೀನಿ, ಗುರೆಳ್ಳು ಹಿಂಡಿ, ಎಳ್ಳು ಹಿಂಡಿ, ಶೇಂಗಾ ಹಿಂಡಿ ಇವು ಅಗಸಿ ಹಿಂಡಿಗೆ ಬದಲಿ ಅಲ್ಲ. ರುಚಿ ಬ್ಯಾರೆ ಮಾತು, ಇವುದ್ರಾಗ ಎಎಲ್‌ಎ ಇಲ್ಲ ಅಂದ್ರೂ ನಡೀತೈತಿ, ಇರೋದು ಒಮೆಗಾ-6 ಅನ್ನೋ ಬ್ಯಾರೆ ಜಾತಿ ಕೊಬ್ಬು.

ಈಗ ನಿಮ್ಮ ತಾಟಿನ ಲೆಕ್ಕ

100 ಗ್ರಾಂ ಅಗಸಿಯೊಳಗ ಎಎಲ್‌ಎ ಸುಮಾರು 22ರಿಂದ 23 ಗ್ರಾಂ, 100 ಗ್ರಾಂ ಅಕ್ರೋಟದಾಗ ಸುಮಾರು 9 ಗ್ರಾಂ. ಈ ಎರಡು ನಂಬರ್ ನೆನಪಿದ್ರ ಸಾಕು.

ನನ್ನ ತಂಗಿ ದಿನಕ್ಕ ಎರಡು ದೊಡ್ಡ ಚಮಚ ಹಿಂಡಿ ತಿಂತಿದ್ಲು, ಮುಂಜಾನಿ ಒಂದು, ರಾತ್ರಿ ಒಂದು, ಜ್ವಾಳದ ರೊಟ್ಟಿ ಮೊಸರಿನ ಜೋಡಿ. ಒಂದು ಚಮಚ ಅಂದ್ರ ತೂಕದ ಮ್ಯಾಲ 10 ಗ್ರಾಂ ಬಂತು, ಅದರಾಗ ಅಗಸಿ ಏಳೂವರೆ ಗ್ರಾಂ, ಎಎಲ್‌ಎ 1.7 ಗ್ರಾಂ. ಎರಡಕ್ಕ 3.4 ಗ್ರಾಂ. ಜೋಡಿಗೆ ನಾಲ್ಕು ಅಕ್ರೋಟ, ಒಂದರ ತಿರುಳು 4 ಗ್ರಾಂ ಹಿಡದ್ರ 16 ಗ್ರಾಂ, ಎಎಲ್‌ಎ ಒಂದೂವರೆ ಗ್ರಾಂ. ಒಟ್ಟು ಹತ್ತಿರ ಹತ್ತಿರ 5 ಗ್ರಾಂ.

ಬಸುರಿ ಹೆಣ್ಣುಮಗಳಿಗೆ ದಿನಕ್ಕ ಬೇಕಾಗಿರೋ ಎಎಲ್‌ಎ ಅಂತ ಅಮೆರಿಕದವರು ಇಟ್ಟಿರೋದು 1.4 ಗ್ರಾಂ (ಬಾಕಿ ಹೆಣ್ಣುಮಕ್ಕಳಿಗೆ 1.1, ಗಂಡಸರಿಗೆ 1.6). ಅಂದ್ರ ನಮ್ಮ ಹುಡುಗಿ ಮೂರು ಪಟ್ಟು ಜಾಸ್ತಿ ತಿಂತಿದ್ಲು. ಅವರ ಅತ್ತಿ ಹೇಳಿದ್ದು ಎಎಲ್‌ಎ ಲೆಕ್ಕಕ್ಕ ನೂರಕ್ಕ ನೂರು ಖರೇ.

ಈಗ ಡಿಎಚ್‌ಎ. ಎಎಲ್‌ಎ ಒಳಗ ಹೋದ್ರ ಅದರಾಗ ದೊಡ್ಡ ಪಾಲನ್ನ ದೇಹ ಎಣ್ಣಿನಂಗ ಉರಿಸಿ ಶಕ್ತಿ ಮಾಡ್ಕೊಂಡುಬಿಡ್ತೈತಿ. ತಿಂದ ಎಎಲ್‌ಎದಾಗ ನೂರಕ್ಕ ಐದರಿಂದ ಹತ್ತು ಭಾಗ ಇಪಿಎ ತನಕ ಮುಟ್ಟತೈತಿ, ಡಿಎಚ್‌ಎ ಅನ್ನೋ ಕಡೀ ಸ್ಟೇಷನ್ ತನಕ ಹೋಗೋದು ಸಾಮಾನ್ಯವಾಗಿ ನೂರಕ್ಕ ಒಂದಕ್ಕಿಂತ ಕಡಿಮಿ ಅಂತ ಹಿಡೀತಾರ. ಅರ್ಧ ಪರ್ಸೆಂಟ್ ಹಿಡದ್ರ 5 ಗ್ರಾಂ ಎಎಲ್‌ಎದಿಂದ 25 ಮಿಲಿಗ್ರಾಂ ಡಿಎಚ್‌ಎ, ಉದಾರ ಮನಸ್ಸಿಂದ ಒಂದು ಪರ್ಸೆಂಟ್ ಹಿಡದ್ರ 50. ಬಸುರಿ, ಬಾಣಂತಿಯರಿಗೆ ದಿನಕ್ಕ ಕನಿಷ್ಠ 200 ಮಿಲಿಗ್ರಾಂ ಡಿಎಚ್‌ಎ ಬೇಕು ಅನ್ನೋದು ತಜ್ಞರ ಮಾತು. ಅರ್ಧ ಪರ್ಸೆಂಟಿನ ಲೆಕ್ಕದಾಗ 200 ಮುಟ್ಟಬೇಕಂದ್ರ 40 ಗ್ರಾಂ ಎಎಲ್‌ಎ ಬೇಕು, ಅಂದ್ರ ದಿನಕ್ಕ 23 ಚಮಚ ಹಿಂಡಿ. ನಾನು ಫೋನಿನಾಗ ಇದನ್ನ ಹೇಳಿದಾಗ ತಂಗಿ ನಕ್ಕು, "ಅಣ್ಣಾ, ಹಂಗಾದ್ರ ರೊಟ್ಟಿನ ಹಿಂಡಿಗೆ ಹಚ್ಕೊಂಡು ತಿನ್ನಬೇಕಾಗ್ತೈತಿ" ಅಂದ್ಲು.

ಅಷ್ಟು ತಿಂದ್ರೂ ಆಗಂಗಿಲ್ಲ ಅನ್ನೋದು ಇನ್ನೊಂದು ಮಾತು. 2003ರಾಗ ಅಮೆರಿಕದಾಗ ಏಳು ಮಂದಿ ಬಾಣಂತಿಯರಿಗೆ ದಿನಾ 20 ಗ್ರಾಂ ಅಗಸಿ ಎಣ್ಣಿ, ಅಂದ್ರ 10.7 ಗ್ರಾಂ ಎಎಲ್‌ಎ, ನಾಲ್ಕು ವಾರ ಕೊಟ್ಟು ಎದಿಹಾಲು ಪರೀಕ್ಷಾ ಮಾಡಿದ್ರು. ಹಾಲಿನಾಗ ಎಎಲ್‌ಎ ಏರಿತು, ಇಪಿಎ ಏರಿತು, ಡಿಎಚ್‌ಎ ಇದ್ದಲ್ಲೇ ಇತ್ತು, ಅಲುಗಾಡಲಿಲ್ಲ. ಸಣ್ಣ ಅಧ್ಯಯನ ಖರೇ, ಆದ್ರ ಬ್ಯಾರೆ ಕಡೆ ಅಗಸಿ ಎಣ್ಣಿ ಕೊಟ್ಟು ರಕ್ತ ನೋಡಿದವರದೂ ಇದ ಕತಿ.

ಹೆಣ್ಣುಮಕ್ಕಳ ದೇಹ ಗಂಡಸರಕಿಂತ ಚಲೋ ಮಾಡ್ಕೋತೈತಿ, ಅದನ್ನೂ ಹೇಳಬೇಕು. 2002ರಾಗ ಇಂಗ್ಲೆಂಡಿನಾಗ ಗುರುತು ಹಾಕಿದ ಎಎಲ್‌ಎ ಕೊಟ್ಟು ಬೆನ್ನುಹತ್ತಿ ನೋಡಿದಾಗ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಡಿಎಚ್‌ಎ ನೂರಕ್ಕ ಒಂಬತ್ತರ ತನಕ ಬಂದಿತ್ತು, ಗಂಡಸರಲ್ಲಿ ಡಿಎಚ್‌ಎ ಕೈಗೆ ಸಿಗಲೇ ಇಲ್ಲ. ಈಸ್ಟ್ರೋಜನ್ ಹಾರ್ಮೋನಿನ ಕೆಲಸ ಅದು ಅಂತಾರ. ಕೆಲವರು ಈ ಒಂಬತ್ತನ್ನ ಹಿಡ್ಕೊಂಡು ಅಗಸಿ ಸಾಕು ಅಂತ ವಾದ ಮಾಡ್ತಾರ, ಆದ್ರ ಅದು ಬೆರಳೆಣಿಕಿ ಹೆಣ್ಣುಮಕ್ಕಳ ಮ್ಯಾಲ ಆದದ್ದು, ದಿನಾ ಅಗಸಿ ತಿನಿಸಿ ನೋಡಿದಾಗ ಆ ಏರಿಕಿ ಕಂಡಿಲ್ಲ. ನಾನು ಮೊದಲಿನ ಲೆಕ್ಕನ ನಂಬ್ತೀನಿ.

ಯಾಕ ಹಿಂಗ? ಒಂದ ಗಿರಣಿ, ಎರಡು ಪಾಳಿ

ಎಎಲ್‌ಎ ಉದ್ದ ಆಗಬೇಕಂದ್ರ ಮೊದಲ ಹೆಜ್ಜಿಯೊಳಗ ಒಂದು ಎಂಜೈಮ್ ಬೇಕು, ಡೆಲ್ಟಾ-6 ಡಿಸ್ಯಾಚುರೇಸ್ ಅಂತ. ಊರಾಗಿನ ಹಿಟ್ಟಿನ ಗಿರಣಿ ಅಂತ ತಿಳ್ಕೋರಿ, ಒಂದ ಗಿರಣಿ, ಜ್ವಾಳದವರೂ ಅಲ್ಲೇ, ಗೋದಿಯವರೂ ಅಲ್ಲೇ. ಅಗಸಿಯ ಎಎಲ್‌ಎ ಒಂದು ಪಾಳಿ, ಅಡಗಿ ಎಣ್ಣಿಯೊಳಗಿನ ಲಿನೋಲಿಕ್ ಆಸಿಡ್, ಅಂದ್ರ ಒಮೆಗಾ-6, ಇನ್ನೊಂದು ಪಾಳಿ. ಗಿರಣಿ ಯಜಮಾನಗ ಎಎಲ್‌ಎ ಮ್ಯಾಲ ಸ್ವಲ್ಪ ಪ್ರೀತಿ ಜಾಸ್ತಿನ ಐತಿ, ಆದ್ರ ಆಕಡಿ ನಲವತ್ತು ಮಂದಿ ಚೀಲ ಇಟ್ಕೊಂಡು ನಿಂತ್ರ ಈಕಡಿಯ ಒಬ್ಬನ ಸರತಿ ಯಾವಾಗ ಬರಬೇಕು?

ಇದರ ಮ್ಯಾಲ ಇನ್ನೊಂದು ತ್ರಾಸು, ಡಿಎಚ್‌ಎ ಆಗಬೇಕಂದ್ರ ನಡುವ ನಾಲ್ಕು ಹೆಜ್ಜಿ ದಾಟಿ ಮತ್ತ ಅದ ಗಿರಣಿಗೆ ಎರಡನೇ ಸಲ ಬರಬೇಕು, ಆಮ್ಯಾಲ ಜೀವಕೋಶದಾಗ ಬ್ಯಾರೆ ಕಡೆ ಹೋಗಿ ತುದಿ ಕತ್ತರಿಸ್ಕೋಬೇಕು. ಇಪಿಎ ಒಂದ ಸಲ ಪಾಳಿ ಹಚ್ಚಿದ್ರ ಮುಗೀತು, ಡಿಎಚ್‌ಎಗೆ ಎರಡು ಸಲ. ಅಗಸಿ ಎಣ್ಣಿ ಕೊಟ್ಟಾಗ ಇಪಿಎ ಏರಿ ಡಿಎಚ್‌ಎ ಏರದ ಇರೋದಕ್ಕ ಇದೊಂದು ಕಾರಣ. ಎಎಲ್‌ಎನ ಅತಿಯಾಗಿ ಸುರಿದ್ರ ಅದ ತನ್ನ ಮುಂದಿನ ಅಣ್ಣತಮ್ಮಂದಿರಿಗೆ ಎರಡನೇ ಪಾಳಿಯೊಳಗ ಅಡ್ಡ ನಿಲ್ತೈತಿ, ಹಂಗಾಗಿ 23 ಚಮಚದ ಉಪಾಯ ಕಾಗದದ ಮ್ಯಾಲೂ ನಡಿಯಂಗಿಲ್ಲ.

ಅಂಗಡಿಗೆ ಬರೋ ಒಬ್ಬ ರಿಟೈರ್ಡ್ ಮಾಸ್ತರು ಕೇಳಿದ್ರು, "ತಲಿತಲಾಂತರದಿಂದ ಶಾಕಾಹಾರ ಮಾಡಿದವರು ನಾವು, ದೇಹ ಹೊಂದ್ಕೊಂಡಿರಬೇಕಲ್ಲೋ ತಮ್ಮಾ?" ಒಳ್ಳೆ ಪ್ರಶ್ನಿ. 2016ರಾಗ ಕಾರ್ನೆಲ್ ವಿಶ್ವವಿದ್ಯಾಲಯದವರು ಪುಣೆ ಕಡಿ ಬಹುತೇಕ ಸಸ್ಯಾಹಾರಿ ಮಂದಿಯ ಜೀನ್ ನೋಡಿದ್ರು, ಈ ಗಿರಣಿ ಜೋರಾಗಿ ಓಡೋಹಂಗ ಮಾಡೋ ಜೀನ್ ರೂಪ ನೂರಕ್ಕ 68 ಮಂದಿಯಲ್ಲಿ ಜೋಡಿಯಾಗಿತ್ತು, ಅಮೆರಿಕದ ಗುಂಪಿನಾಗ ನೂರಕ್ಕ 18. ಮಾಸ್ತರ ಮಾತಿನಾಗ ಸತ್ಯ ಐತಿ ಅಂದಂಗಾತು. ಆದ್ರ ಗಿರಣಿ ಜೋರಾದ್ರ ಎರಡೂ ಪಾಳಿಗೆ ಜೋರು, ಪಾಳಿಯಾಗ ಸೂರ್ಯಕಾಂತಿ ಎಣ್ಣಿ ತುಂಬಿದ್ರ ಅದ ಬೀಸಿ ಹೊರಗ ಬರ್ತೈತಿ, ಒಮೆಗಾ-6 ಕಡಿಯ ಅರಾಕಿಡೋನಿಕ್ ಆಸಿಡ್ ಆಗಿ. ಸಸ್ಯಾಹಾರಿಗಳ ರಕ್ತದಾಗ ಡಿಎಚ್‌ಎ ಕಡಿಮಿ ಇರೋದು ಎಷ್ಟೋ ಸಲ ಅಳದಾರ. 2005ರಾಗ ಬಂದ ಇಂಗ್ಲೆಂಡಿನ ಆಕ್ಸ್‌ಫರ್ಡ್ ಲೆಕ್ಕದಾಗ ಮಾಂಸ ತಿನ್ನೋವರಕಿಂತ ಸಸ್ಯಾಹಾರಿಗಳದು ನೂರಕ್ಕ 31 ಕಡಿಮಿ, ಹಾಲು ಮೊಸರೂ ಬಿಟ್ಟವರದು 59 ಕಡಿಮಿ. ಶೂನ್ಯಕ್ಕೇನೂ ಇಳಿದಿರ್ಲಿಲ್ಲ, ವರ್ಷ ಕಳದಂಗ ಇನ್ನೂ ಕೆಳಗ ಹೋಗೋದೂ ಕಾಣಲಿಲ್ಲ.

ಎಣ್ಣಿ ಕ್ಯಾನ್ ಬದಲಿಸ್ರಿ

ಪುಕ್ಕಟೆ ಆಗೋ ಕೆಲಸ ಇದು, ಅದಕ್ಕ ಮಾತ್ರಿಗಿಂತ ಮೊದಲು ಹೇಳಾಕತ್ತೀನಿ. ತಂಗಿ ಮನಿಯಾಗ ಐದು ಮಂದಿ, ತಿಂಗಳಿಗೆ ಐದು ಲೀಟರ್ ಸೂರ್ಯಕಾಂತಿ ಎಣ್ಣಿ ಕ್ಯಾನ್. ಒಬ್ಬರಿಗೆ ದಿನಕ್ಕ 30 ಗ್ರಾಂ ಬಿತ್ತು. ಸೂರ್ಯಕಾಂತಿ ಎಣ್ಣಿಯೊಳಗ ಲಿನೋಲಿಕ್ ಸುಮಾರು 60 ಪರ್ಸೆಂಟ್, ಅಂದ್ರ ದಿನಕ್ಕ 18 ಗ್ರಾಂ ಒಮೆಗಾ-6 ಬರೇ ಎಣ್ಣಿಯಿಂದ. ಅದ ಮನಿಯಾಗ ಶೇಂಗಾ ಎಣ್ಣಿ, ಅದೂ 20 ಗ್ರಾಮಿಗೆ ಇಳಿಸಿದ್ರ, ಶೇಂಗಾದಾಗ ಲಿನೋಲಿಕ್ 30 ಪರ್ಸೆಂಟ್ ಆಸುಪಾಸು ಇರೋದ್ರಿಂದ 6 ಗ್ರಾಂ ಆಗ್ತೈತಿ. ಪಾಳಿ ಮೂರನೇ ಒಂದು ಭಾಗಕ್ಕ ಇಳೀತು.

ಇಲ್ಲಿ ಹಿರಿಯರಿಗೆ ಬ್ಯಾಸರ ಆಗೋ ಮಾತೊಂದೈತಿ, ಕುಸುಬಿ ಎಣ್ಣಿ. ನಮ್ಮ ಎರಿ ಭೂಮಿಯ ಹಳೇ ಎಣ್ಣಿ, ಗಾಣದ್ದು, ಹೃದಯಕ್ಕ ಚಲೋ ಅಂತ ಎಲ್ಲಾರೂ ಹೇಳ್ತಾರ, ಆದ್ರ ಈ ಒಂದು ವಿಷಯದಾಗ ಅದು ಸೂರ್ಯಕಾಂತಿಗಿಂತ ಮುಂದ, ಲಿನೋಲಿಕ್ 75 ಪರ್ಸೆಂಟಿನ ಹತ್ತಿರ. ಗಾಣದ್ದಾದ್ರೇನು ಮಿಲ್ಲಿಂದಾದ್ರೇನು, ಗಾಣ ಕೊಬ್ಬಿನ ಜಾತಿ ಬದಲಿಸಂಗಿಲ್ಲ. ಸಾಸಿವಿ ಎಣ್ಣಿಯೊಳಗ ಸ್ವಲ್ಪ ಎಎಲ್‌ಎನೂ ಐತಿ, ಆದ್ರ ಆ ಘಾಟಿಗೆ ನಮ್ಮ ಕಡಿ ಮಂದಿ ಒಗ್ಗಂಗಿಲ್ಲ, ಬಿಡ್ರಿ. ಅಗಸಿ ಎಣ್ಣಿ ತರೋವರು ಒಗ್ಗರಣಿಗೆ ಹಾಕಬ್ಯಾಡ್ರಿ, ಅದು ನೂರು ಡಿಗ್ರಿ ದಾಟೂದ್ರಾಗ ಹೊಗಿ ಏಳ್ತೈತಿ.

ಎಣ್ಣಿ ಬದಲಿಸಿದ್ರ ಇಪಿಎ ಏರೋಕ ಅನುಕೂಲ, ಡಿಎಚ್‌ಎಗೂ ಚೂರು ದಾರಿ ಬಿಟ್ಟಂಗ. ಇಷ್ಟರಿಂದನ ಬಸುರಿಯ 200 ಮುಟ್ಟತೈತಿ ಅಂತ ಮಾತ್ರ ತಿಳ್ಕೋಬ್ಯಾಡ್ರಿ.

ಅಕ್ರೋಟನೂ ಇದೇ ತಕ್ಕಡಿಯೊಳಗ ತೂಗ್ರಿ. ಮೆದುಳಿನಂಗ ಕಾಣ್ತೈತಿ ಅದಕ್ಕ ಮೆದುಳಿಗೆ ಚಲೋ ಅಂತ ಫಾರ್ವರ್ಡ್ ಮೆಸೇಜ್ ಬರ್ತಾವಲ್ಲ, ಅದರಾಗ ಡಿಎಚ್‌ಎ ಒಂದು ಹನಿನೂ ಇಲ್ಲ, ಒಂದು ಪಾಲು ಎಎಲ್‌ಎ ಇದ್ರ ನಾಲ್ಕು ಪಾಲು ಒಮೆಗಾ-6 ಐತಿ. ಅಗಸಿಯೊಳಗ ಇದು ಉಲ್ಟಾ, ನಾಲ್ಕು ಪಾಲು ಎಎಲ್‌ಎಗೆ ಒಂದು ಪಾಲು ಒಮೆಗಾ-6. ಅಕ್ರೋಟ ತಿನ್ನಬ್ಯಾಡ್ರಿ ಅನ್ನಂಗಿಲ್ಲ, ಒಮೆಗಾ-3ಗೋಸ್ಕರ ಅಂತ ರೊಕ್ಕ ಹಾಕೋದಾದ್ರ ಅಗಸಿ ಎಷ್ಟೋ ಸೋವಿ, ಎಷ್ಟೋ ಜಾಸ್ತಿ. ತರೋದಾದ್ರ ತಿಳಿ ಬಣ್ಣದ್ದು ನೋಡಿ ತರ್ರಿ. ನಮ್ಮ ಬಿಸಲಿಗೆ ಬಾಯಿ ತೆರೆದ ಚೀಲದಾಗ ಕುಂತ ತಿರುಳು ಕಂದಾಗಿ ಕಹಿ ಆಗಿರ್ತೈತಿ, ಆ ಕಹಿ ಅಂದ್ರ ಎಣ್ಣಿ ಕಮಟಾಗೇತಿ ಅಂತ.

ಯಾರಿಗೆ ನೇರ ಡಿಎಚ್‌ಎ ಬೇಕು

ಎಲ್ಲಾರಿಗೂ ಬೇಕಂತ ನಾನು ಹೇಳಂಗಿಲ್ಲ, ಅಂಗಡಿ ನಂದ ಆದ್ರೂ. ದೊಡ್ಡವರ ಮೆದುಳು ರಕ್ತದಿಂದ ದಿನಕ್ಕ ಎಳಕೊಳ್ಳೋ ಡಿಎಚ್‌ಎ ಭಾಳ ಕಡಿಮಿ, 2009ರಾಗ ಅಳದವರಿಗೆ ಸಿಕ್ಕಿದ್ದು ಸುಮಾರು 4 ಮಿಲಿಗ್ರಾಂ. ಹಂಗಾಗಿ ಗಟ್ಟಿಮುಟ್ಟಾದ ಮನುಷ್ಯಾ ದಿನಾ ಎರಡು ಚಮಚ ಅಗಸಿ ಹಿಂಡಿ ತಿಂದು, ಎಣ್ಣಿ ಕಡಿಮಿ ಮಾಡ್ಕೊಂಡು, ಕ್ಯಾಪ್ಸೂಲ್ ತಗೊಳ್ಳಿಲ್ಲ ಅಂದ್ರ ಮೆದುಳು ಒಣಗಿ ಹೋಗ್ತೈತಿ ಅನ್ನೋದು ಜಾಹೀರಾತಿನ ಮಾತು.

ಬಸುರಿ ಬಾಣಂತಿಯರ ಲೆಕ್ಕ ಬ್ಯಾರೆ, ಕಡೀ ಮೂರು ತಿಂಗಳಲ್ಲಿ ಕೂಸಿನ ಮೆದುಳು ಕಣ್ಣು ತುಂಬ್ಕೊಳ್ಳೋ ಡಿಎಚ್‌ಎ ತಾಯಿ ರಕ್ತದಿಂದನ ಹೋಗ್ಬೇಕು, ಆಮ್ಯಾಲ ಎದಿಹಾಲಿನಿಂದ. ತಾಯಿ ತಿಂದದ್ದರ ಮ್ಯಾಲ ಹಾಲಿನ ಡಿಎಚ್‌ಎ ನಿಂತಿರ್ತೈತಿ. 2018ರಾಗ ಬಂದ ಕಾಕ್ರೇನ್ ವಿಮರ್ಶೆಯೊಳಗ 70 ಪ್ರಯೋಗ ಕೂಡಿಸಿ ನೋಡಿದಾಗ ಬಸುರಿಯಲ್ಲಿ ಉದ್ದ ಸರಪಳಿ ಒಮೆಗಾ-3 ತಗೊಂಡವರಲ್ಲಿ ದಿನ ತುಂಬೋಕಿಂತ ಮೊದಲು ಹಡಿಯೋದು ನೂರಕ್ಕ ಹನ್ನೊಂದರಷ್ಟು ಕಡಿಮಿ ಆಗಿತ್ತು. ಕೂಸು ಶ್ಯಾಣ್ಯಾ ಹುಟ್ಟತೈತಿ ಅಂತ ಡಬ್ಬಿ ಮ್ಯಾಲ ಬರೀತಾರಲ್ಲ, ಅದಕ್ಕ ಮಾತ್ರ ಅಂಥಾ ಗಟ್ಟಿ ಸಾಕ್ಷಿ ಇಲ್ಲ.

ತತ್ತಿ ನಡೀತೈತಿ ಅನ್ನೋ ಮನಿಯವರಿಗೆ ಸಣ್ಣ ಅನುಕೂಲ ಐತಿ, ಒಂದು ಸಾದಾ ತತ್ತಿಯೊಳಗ 25-30 ಮಿಲಿಗ್ರಾಂ ಡಿಎಚ್‌ಎ ಇರ್ತೈತಿ, ಅಗಸಿ ತಿನಿಸಿ ಸಾಕಿದ ಕೋಳಿಯ ತತ್ತಿಯೊಳಗ ಇನ್ನೂ ಜಾಸ್ತಿ. ನಮಗ ಆಗದ ಕೆಲಸ ಕೋಳಿ ಮಾಡಿ ಕೊಡ್ತೈತಿ. ಹಾಲು, ತುಪ್ಪದಾಗ ಹುಡುಕಬ್ಯಾಡ್ರಿ, ಲೆಕ್ಕಕ್ಕ ಬರುವಷ್ಟು ಇಲ್ಲ.

ಉಳಿದದ್ದು ಪಾಚಿ ಎಣ್ಣಿ. ಮೀನು ತಾನಾಗಿ ಡಿಎಚ್‌ಎ ಮಾಡೋದು ಕಡಿಮಿ, ಸಮುದ್ರದ ಸೂಕ್ಷ್ಮ ಪಾಚಿಯಿಂದ ಅದಕ್ಕ ಬರ್ತೈತಿ. ಆ ಪಾಚಿ ಜಾತಿಯನ್ನ ಟ್ಯಾಂಕಿನಾಗ ಬೆಳೆಸಿ ಎಣ್ಣಿ ತಗೀತಾರ, ನಡುವ ಮೀನು ಇಲ್ಲ. ಇದು ಸಿದ್ಧ ಡಿಎಚ್‌ಎ, ಗಿರಣಿ ಪಾಳಿಯ ಹಂಗಿಲ್ಲ.

ಸ್ಟ್ರಿಪ್ಪಿನ ಹಿಂಭಾಗ ಓದೋದು

ತಂಗಿ ನನಗ ಫೋನ್ ಮಾಡೋ ಮೊದಲ ಅಲ್ಲೇ ಒಂದು ಅಂಗಡಿಯೊಳಗ ಒಮೆಗಾ ಮಾತ್ರಿ ಕೊಡ್ರಿ ಅಂತ ಕೇಳಿ ತಂದಿದ್ಲು, ಫೋಟೊ ಕಳಿಸು ಅಂದೆ. ಮುಂದ ದೊಡ್ಡದಾಗಿ ಒಮೆಗಾ 3-6-9, ಸಸ್ಯಾಹಾರಿ, 1000 ಮಿಲಿಗ್ರಾಂ. ಹಿಂದ ಸಣ್ಣ ಅಕ್ಷರದಾಗ ಅಗಸಿ ಎಣ್ಣಿ 1000, ಅದರಾಗ ಎಎಲ್‌ಎ 500. ಡಿಎಚ್‌ಎ ಅನ್ನೋ ಸಾಲೇ ಇರ್ಲಿಲ್ಲ. ಅರ್ಧ ಪರ್ಸೆಂಟ್ ಲೆಕ್ಕದಾಗ ಅದರಿಂದ ಎರಡೂವರೆ ಮಿಲಿಗ್ರಾಂ ಡಿಎಚ್‌ಎ, ಮೂರನೇ ಒಂದು ಚಮಚ ಹಿಂಡಿಗೆ ಸಮ. ಮನಿಯಾಗ ಡಬ್ಬಿ ತುಂಬಾ ಇರೋದನ್ನ ಕ್ಯಾಪ್ಸೂಲ್ ರೇಟಿನಾಗ ಕೊಂಡಂಗಾಗಿತ್ತು.

ಅದಕ್ಕ ಮುಂಭಾಗ ಓದಬ್ಯಾಡ್ರಿ, ಹಿಂಭಾಗದಾಗ ಡಿಎಚ್‌ಎ ಅಂತ ಬ್ಯಾರೆ ಸಾಲು, ಅದರ ಮುಂದ ಮಿಲಿಗ್ರಾಂ, ಇದನ್ನ ಮೊದಲು ಹುಡುಕ್ರಿ. ಅಲ್ಲೂ ಒಂದು ಚೂರು ಮೋಸ ಹೋಗೋ ಜಾಗ ಐತಿ, "ಡಿಎಚ್‌ಎ 40% ಎಣ್ಣಿ 200 ಮಿಲಿಗ್ರಾಂ" ಅಂತ ಬರದಿದ್ರ ಡಿಎಚ್‌ಎ 200 ಅಲ್ಲ, ಅದರ 40 ಪರ್ಸೆಂಟ್, ಅಂದ್ರ 80. ಪ್ರತಿ ಸರ್ವಿಂಗಿಗೆ ಅಂತ ಇದ್ರ ಸರ್ವಿಂಗ್ ಅಂದ್ರ ಎಷ್ಟು ಕ್ಯಾಪ್ಸೂಲ್ ನೋಡ್ರಿ, ಎರಡು ಅಂತ ಇದ್ರ ನಂಬರ್ ಅರ್ಧ ಮಾಡ್ಕೋರಿ.

ಆಮ್ಯಾಲ ಮೂಲ ನೋಡ್ರಿ. ಆಲ್ಗಲ್ ಆಯಿಲ್ ಅಥವಾ ಶಿಜೋಕೈಟ್ರಿಯಂ ಅನ್ನೋ ಪಾಚಿ ಹೆಸರು ಇದ್ರ ಅದು ನಮ್ಮದು, ಮೂಲ ಬರದಿಲ್ಲ ಅಂದ್ರ ಮೀನು ಎಣ್ಣಿ ಇರೋ ಸಾಧ್ಯತಾ ಜಾಸ್ತಿ. ಒಳಗಿನ ಎಣ್ಣಿ ಪಾಚಿದಿದ್ರೂ ಹೊರಗಿನ ಮೆತ್ತನ ಚಿಪ್ಪು ಜೆಲಾಟಿನ್‌ದಿರಬಹುದು, ಜೆಲಾಟಿನ್ ಅಂದ್ರ ಪ್ರಾಣಿ ಚರ್ಮ ಎಲುಬಿಂದ ಮಾಡಿದ್ದು. ಆಹಾರ ಲೈಸೆನ್ಸಿನ ಡಬ್ಬಿ ಮ್ಯಾಲ ಹಸರು ಚುಕ್ಕಿ ಇದ್ರ ಸಸ್ಯಾಹಾರಿ, ಕಂದು ಬಣ್ಣದ ತ್ರಿಕೋನ ಇದ್ರ ಅಲ್ಲ, ಚುಕ್ಕಿ ಏನೂ ಕಾಣ್ಲಿಲ್ಲ ಅಂದ್ರ ಅಂಗಡಿಯವರನ್ನ ಬಾಯಿಬಿಟ್ಟು ಕೇಳ್ರಿ, ಡಾಕ್ಟರ್ ಮುಂದನೂ ನಾವು ಪೂರಾ ಸಸ್ಯಾಹಾರಿ ಅಂತ ಹೇಳ್ರಿ. ಭಾಳ ಮಂದಿ ಹೇಳಂಗಿಲ್ಲ, ಆಮ್ಯಾಲ ಮನಿಗೆ ಹೋಗಿ ಚೀಟಿ ಓದಿ ಗಾಬರಿ ಆಗ್ತಾರ.

ರೇಟ್ ಹೋಲಿಸೋದು ಹಿಂಗ, 60 ಕ್ಯಾಪ್ಸೂಲಿನ ಡಬ್ಬಿ 900 ರೂಪಾಯಿ, ಒಂದರಾಗ 100 ಮಿಲಿಗ್ರಾಂ ಡಿಎಚ್‌ಎ ಅಂತ ಇಟ್ಕೋರಿ. ಒಂದಕ್ಕ 15 ರೂಪಾಯಿ, 200 ಆಗೋಕ ಎರಡು ಬೇಕು, ದಿನಕ್ಕ 30. ಪಕ್ಕದ ಡಬ್ಬಿ 1200 ರೂಪಾಯಿ, ಆದ್ರ ಒಂದರಾಗ 200 ಐತಿ ಅಂದ್ರ ದಿನಕ್ಕ 20 ಬಿತ್ತು. ತುಟ್ಟಿ ಡಬ್ಬಿನ ಸೋವಿ ಆತು.

ತಗೊಳ್ಳೋದು ಊಟದ ಜೋಡಿ, ಎಣ್ಣಿ ತುಪ್ಪ ಇರೋ ಊಟ ಆದ್ರ ಚಲೋ ಹೀರ್ಕೋತೈತಿ. ಮುಂಜಾನಿ ಖಾಲಿ ಹೊಟ್ಟಿಗೆ ತಗೊಂಡ್ರ ಹುಳಿ ತೇಗು ಬಂದು ವಾಕರಿಕಿ ಆಗ್ತೈತಿ, ಬಸುರಿಯರಿಗಂತೂ ಕೇಳಬ್ಯಾಡ್ರಿ. ರಕ್ತ ತೆಳುವು ಮಾಡೋ ಮಾತ್ರಿ ನಡದವರು ಡಾಕ್ಟರನ್ನ ಕೇಳದ ಶುರು ಮಾಡಬಾರದು. ಅಗಸಿ ಹಿಂಡಿಯ ಲೋಳಿ ಅಂಶ ಬ್ಯಾರೆ ಮಾತ್ರಿ ಹೀರ್ಕೊಳ್ಳೋದನ್ನ ನಿಧಾನ ಮಾಡಬಹುದು, ಥೈರಾಯ್ಡ್ ಮಾತ್ರಿ, ಕಬ್ಬಿಣದ ಮಾತ್ರಿ ಇದ್ರ ಹಿಂಡಿ ಊಟಕ್ಕೂ ಅದಕ್ಕೂ ಎರಡು ತಾಸು ಅಂತರ ಇರ್ಲಿ, ನೀರು ಜಾಸ್ತಿ ಕುಡೀರಿ.

ಏರಿತೋ ಇಲ್ಲೋ ನೋಡೋದು

ಕೂದಲು ಮಿಂಚಿತು, ನೆನಪು ಜೋರಾತು ಅಂತ ನೋಡಿ ಹೇಳೋಕ ಆಗಂಗಿಲ್ಲ. ಗೊತ್ತಾಗಬೇಕಂದ್ರ ಒಮೆಗಾ-3 ಇಂಡೆಕ್ಸ್ ಅಂತ ರಕ್ತ ಪರೀಕ್ಷಾ ಐತಿ, ಕೆಂಪು ರಕ್ತಕಣದ ಪೊರಿಯೊಳಗ ಇಪಿಎ ಡಿಎಚ್‌ಎ ಎರಡೂ ಸೇರಿ ನೂರಕ್ಕ ಎಷ್ಟು ಅಂತ ಹೇಳ್ತೈತಿ. 4ಕ್ಕಿಂತ ಕೆಳಗ ಇದ್ರ ಕಡಿಮಿ, 8 ಮತ್ತ ಮ್ಯಾಲಿದ್ರ ಚಲೋ ಅಂತ 2004ರಾಗ ಈ ಪರೀಕ್ಷಾ ಮುಂದಿಟ್ಟವರು ಹೇಳಿದ್ದು, ಅವರು ಹೇಳಿದ್ದು ಹೃದಯದ ಲೆಕ್ಕಕ್ಕ. ಎಲ್ಲಾ ಲ್ಯಾಬಿನಾಗ ಮಾಡಂಗಿಲ್ಲ, ಸ್ಯಾಂಪಲ್ ಹೊರಗ ಕಳಿಸ್ತಾರೇನು ಕೇಳಬೇಕು. ಕ್ಯಾಪ್ಸೂಲ್ ಶುರು ಮಾಡಿ ಹದಿನೈದು ದಿನಕ್ಕ ಮಾಡಿಸಿ ಏರಿಲ್ಲಂತ ಬೈಬ್ಯಾಡ್ರಿ, ಕೆಂಪು ಕಣದ ಆಯುಷ್ಯ ಸುಮಾರು 120 ದಿನ, ಹಳೇವು ಹೋಗಿ ಹೊಸವು ಬರೋಕ ನಾಲ್ಕು ತಿಂಗಳು ಬಿಡಬೇಕು.

ತಂಗಿಗೆ ನಾನು ಈ ಪರೀಕ್ಷಾ ಮಾಡಿಸಲಿಲ್ಲ, ಬಸುರಿ ಇದ್ದಾಗ ರಿಪೋರ್ಟ್ ಏನ ಬಂದ್ರೂ ಮಾಡೋದು ಅದ ಇತ್ತಲ್ಲ. ಅಗಸಿ ಎಣ್ಣಿ ಕ್ಯಾಪ್ಸೂಲ್ ನಿಲ್ಲಿಸಿ, ಅವರ ಡಾಕ್ಟರಿಗೆ ತೋರ್ಸಿ, 200 ಮಿಲಿಗ್ರಾಮಿನ ಪಾಚಿ ಡಿಎಚ್‌ಎ ರಾತ್ರಿ ಊಟದ ಜೋಡಿ ಒಂದು. ಹಿಂಡಿ ಎರಡು ಚಮಚ ಹಂಗ ಇರ್ಲಿ ಅಂದೆ, ಎಎಲ್‌ಎ ಬೇಕ ಬೇಕು, ನಾರಿನಂಶಕ್ಕೂ ಆತು. ಎಣ್ಣಿ ವಿಷಯಕ್ಕ ಅವರ ಅತ್ತಿ ಜೋಡಿ ಸ್ವಲ್ಪ ಮಾತಾತು, ಕುಸುಬಿ ಬ್ಯಾಡ ಅಂದದ್ದು ಅವರಿಗೆ ಸೇರಲಿಲ್ಲ, ಕಡಿಗೆ ಪಲ್ಯೆಗೆ ಶೇಂಗಾ ಎಣ್ಣಿ, ಹಬ್ಬಕ್ಕ ಕುಸುಬಿ ಅಂತ ರಾಜಿ ಆದ್ರು. ಈಗ ಕೂಸಿಗೆ ಆರು ತಿಂಗಳು, ಎದಿಹಾಲು ನಡದೈತಿ, ಕ್ಯಾಪ್ಸೂಲೂ ನಡದೈತಿ.